ಹತ್ತು ರೂಪಾಯಿ ಕಡಿಮೆ

ಹೊಳಲ್ಕೆರೆಯ ಅಡಿಕೆ ಮಂಡಿ ಸಾಹುಕಾರರು "ಮೇಷ್ಟ್ರೇ, ಲೆಕ್ಕ ಬರೆಯೋಕೆ ಒಬ್ಬರು ಬೇಕು, ನೀವೇ ಪರೀಕ್ಷೆ ಮಾಡಿ" ಎಂದದ್ದೇ ತಡ, ನಿವೃತ್ತಿಯಾದ ಮೇಲೆ ಒಣಗಿಹೋಗಿದ್ದ ನನ್ನ ಕೆಂಪು ಪೆನ್ನಿಗೆ ಜೀವ ಬಂತು. "ಟ್ಯಾಲಿ ಬರುತ್ತಾ ಅಂತ ಕೇಳಿದ್ರೆ ಸಾಲ್ದಾ?" ಎಂದು ಅವರು ರಾಗ ಎಳೆದರು. ಬರುವುದಿಲ್ಲ ಎಂದವರನ್ನು ನಾನಂತೂ ಕಂಡಿಲ್ಲ. ಅರ್ಧ ಗಂಟೆ, ಮೂರು ಪ್ರಶ್ನೆ, 20 ಅಂಕ ಎಂದು ಗೊತ್ತುಮಾಡಿದೆ. ಅಂಕಪಟ್ಟಿಗೆ ಅಂಚುಗೆರೆ ಎಳೆದು, ಕೆಳಗೆ 'ಮುಖ್ಯ ಪರೀಕ್ಷಕರು' ಎಂದು ಬರೆದುಕೊಂಡದ್ದು ಶುದ್ಧ ಚಪಲ. ಉಪ ಪರೀಕ್ಷಕರು ಯಾರೂ ಇರಲಿಲ್ಲ.

ಮೊದಲನೆಯದು 4 ಅಂಕದ ಬಿಲ್ಲು. ಹಿರಿಯೂರಿನ ಅಂಗಡಿಗೆ ಹೋದ 20,000 ರೂಪಾಯಿ ಒಣ ಅಡಿಕೆಗೆ 1,000 ರೂಪಾಯಿ ಐಜಿಎಸ್‌ಟಿ ಹಾಕಿತ್ತು. ರಾಜ್ಯದೊಳಗಿನ ಮಾರಾಟವಾದ್ದರಿಂದ ಸಿಜಿಎಸ್‌ಟಿ 500, ಎಸ್‌ಜಿಎಸ್‌ಟಿ 500 ಆಗಬೇಕು. ಹೆಚ್ಚಿನವರು ಮೊತ್ತ ಕೂಡಿ ನೋಡಿ ಟಿಕ್ ಹಾಕಿದರು.

ಎರಡನೆಯದು 8 ಅಂಕದ ಬ್ಯಾಂಕ್ ತಾಳೆ. ನಮ್ಮ ಪುಸ್ತಕದಲ್ಲಿ 48,300, ಪಾಸ್‌ಬುಕ್ಕಿನಲ್ಲಿ 52,182. ನಾವು ಕೊಟ್ಟ 4,000ದ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ, ಅದನ್ನು ಕೂಡಬೇಕು. ಬ್ಯಾಂಕು ಮುರಿದುಕೊಂಡ 118 ಕಳೆಯಬೇಕು. ಹೊಸದುರ್ಗದಿಂದ ಬಂದಿದ್ದ ಹುಡುಗಿ "ಸರ್, ಇದರಲ್ಲಿ 18 ಜಿಎಸ್‌ಟಿ ಅಲ್ವಾ, ಬೇರೆ ತೋರಿಸ್ಲಾ?" ಎಂದಳು. ಮುಖ್ಯ ಪರೀಕ್ಷಕರು ಗಂಭೀರವಾಗಿ ತಲೆಯಾಡಿಸಿದರು; ಒಳಗೊಳಗೇ ಕುಣಿದರು.

ಮೂರನೆಯದೇ ನನ್ನ ಕುತಂತ್ರ. ಚಿಲ್ಲರೆ ಖರ್ಚಿನ ಡಬ್ಬಿ. ಆರಂಭದ ಹಣ 2,000. ಹಮಾಲಿ 450, ಚಹಾ 180, ಕೊರಿಯರ್ 120, ಜೆರಾಕ್ಸ್ 60 ಎಂದು ವೋಚರುಗಳು. ಉಳಿಯಬೇಕಾದ್ದು 1,190. ನಾನಿಟ್ಟದ್ದು 1,180. ಲೆಕ್ಕಕ್ಕೆ 3 ಅಂಕ, ಎಣಿಕೆಗೆ 2, ಕಡಿಮೆ ಬಿದ್ದದ್ದನ್ನು ಬರೆದು ತಿಳಿಸಿದರೆ 3.

ಚಿತ್ರದುರ್ಗದ ಹುಡುಗನೊಬ್ಬ ಎಣಿಸಿದ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಮತ್ತೆ ಎಣಿಸಿದ. ನೋಟುಗಳನ್ನೆಲ್ಲ ಗಾಂಧಿ ಮುಖ ಮೇಲಾಗಿ ಜೋಡಿಸಿ ಮತ್ತೊಮ್ಮೆ. ಡಬ್ಬಿ ಮಗುಚಿ ತಟ್ಟಿದ. ಮೇಜಿನ ಕೆಳಗೆ ಬಗ್ಗಿದ. ನನ್ನ ಕಾಲೆತ್ತಿಸಿ ನೋಡಿದ, ಎತ್ತಿದೆ. ಕೊನೆಗೆ ಅತ್ತಿತ್ತ ಕಣ್ಣಾಡಿಸಿ, ತನ್ನ ಜೇಬಿನಿಂದ ಹತ್ತರ ನೋಟು ತೆಗೆದು ಡಬ್ಬಿಗೆ ಹಾಕಿ "ಸರಿಹೋಯ್ತು ಸಾರ್" ಎಂದ.

"ಎಂಥಾ ಪ್ರಾಮಾಣಿಕ!" ಎಂದರು ಸಾಹುಕಾರರು. ನನಗೆ ರೇಗಿತು. ಇವತ್ತು ಕಡಿಮೆಯಾದದ್ದನ್ನು ಜೇಬಿನಿಂದ ತುಂಬುವವನು ನಾಳೆ ಹೆಚ್ಚಾದದ್ದನ್ನು ಜೇಬಿಗೆ ಇಳಿಸುತ್ತಾನೆ. ಎರಡೂ ಸಲ ಪುಸ್ತಕ ಸರಿಯಾಗಿಯೇ ಕಾಣುತ್ತದೆ. ಕೊನೆಯ 3ಕ್ಕೆ ಸೊನ್ನೆ ಹಾಕಿ ನೋಟು ವಾಪಸು ಕೊಟ್ಟೆ. ಹಿಂದೆ ಇದ್ದ ಕಡೆ ಕಡಿಮೆ ಬಿದ್ದದ್ದನ್ನೆಲ್ಲ ಸಂಬಳದಲ್ಲಿ ಹಿಡಿಯುತ್ತಿದ್ದರಂತೆ. ಅದನ್ನವನು ಬಾಗಿಲ ಹತ್ತಿರ ಹೇಳಿದ. ನನ್ನ ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಕೆಲಸ ಹೊಸದುರ್ಗದ ಹುಡುಗಿಗೆ ಸಿಕ್ಕಿತು. ನೀವೂ ಇಂಥ ಪರೀಕ್ಷೆ ಮಾಡುವುದಾದರೆ ಡಬ್ಬಿಯಲ್ಲಿ ಹತ್ತೇ ರೂಪಾಯಿ ಕಡಿಮೆ ಇಡಿ. ನೂರು ಕಡಿಮೆ ಬಿದ್ದರೆ ಯಾರು ಬೇಕಾದರೂ ಬಾಯಿಬಿಟ್ಟು ಹೇಳುತ್ತಾರೆ.