ಕ್ಯಾಪ್ಷನ್‌ಮಣಿದರ್ಪಣಂ

ಈ ನಾಡಿನ ಜನ ಓದುಬರಹದ ಹಂಗಿಲ್ಲದೆಯೂ ಕಾವ್ಯ ಕಟ್ಟಬಲ್ಲ ಜಾಣರು ಎಂದು ಕವಿರಾಜಮಾರ್ಗಕಾರ 9ನೇ ಶತಮಾನದಲ್ಲೇ ಷರಾ ಬರೆದಿಟ್ಟ. ಆ ಹೇಳಿಕೆಗೆ ಬೇಕಾದಷ್ಟು ಪುರಾವೆ ಒದಗಿದ್ದು ಮಾತ್ರ ಇನ್‌ಸ್ಟಾಗ್ರಾಮ್ ಬಂದ ಮೇಲೆಯೇ. ಫೋಟೋದ ಕೆಳಗೆ ನಾಲ್ಕು ಸಾಲು ಗೀಚುವ ಈ ಪ್ರಕಾರದಲ್ಲಿ ಗದ್ಯ, ಪ್ರಾಸ, ಎಮೋಜಿ ಮೂರೂ ಬೆರೆತಿರುವುದರಿಂದ ಇದನ್ನು ಚಂಪೂ ಎನ್ನದೆ ವಿಧಿಯಿಲ್ಲ. ದುರದೃಷ್ಟವೆಂದರೆ ಇದಕ್ಕೊಂದು ಲಕ್ಷಣಗ್ರಂಥವಿಲ್ಲ. ಕೇಶಿರಾಜ 13ನೇ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ಸಂಧಿ ಪ್ರಕರಣದಿಂದ ಅವ್ಯಯ ಪ್ರಕರಣದವರೆಗೆ ನಡೆದು, ಕ್ಯಾಪ್ಷನ್ ಪ್ರಕರಣದ ಹೊಸ್ತಿಲಲ್ಲಿ ನಿಂತುಬಿಟ್ಟ. 1604ರಲ್ಲಿ ಶಬ್ದಾನುಶಾಸನ ರಚಿಸಿದ ಭಟ್ಟಾಕಳಂಕನೂ ಆ ಕೊರತೆ ತುಂಬಲಿಲ್ಲ. ಪೂರ್ವಸೂರಿಗಳು ಬಿಟ್ಟುಹೋದ ಈ ಖಾಲಿ ನಿವೇಶನದಲ್ಲಿ ಪ್ರಸ್ತುತ ಪ್ರಬಂಧ ಒಂದೇ ಒಂದು ಸಿದ್ಧಾಂತವನ್ನು ಸ್ಥಾಪಿಸಲು ಹೊರಟಿದೆ. ಕ್ಯಾಪ್ಷನ್ ತಿದ್ದುವವರು ತಿದ್ದಬೇಕಾದ್ದು ಬರಹವನ್ನು, ಬಾಯನ್ನಲ್ಲ. ವಾಕ್ಯವೇ ಕೆಟ್ಟಿದ್ದರೆ ಅದರ ರಿಪೇರಿಗೂ ಸಾಮಾನು ಆಡುಮಾತಿನಿಂದಲೇ ಬರಬೇಕು, ವ್ಯಾಕರಣ ಪುಸ್ತಕದಿಂದಲ್ಲ.

ಅಧ್ಯಯನಕ್ಕೆಂದು ಒಂದು ಮಾದರಿ ಪಾಠವನ್ನು ಕಟ್ಟಿಕೊಳ್ಳೋಣ. ವಿದ್ವತ್ತಿನ ಗಾಂಭೀರ್ಯಕ್ಕಾಗಿ ಇದನ್ನು ‘ಮುಳ್ಳಯ್ಯನಗಿರಿ ಶಾಸನ’ ಎಂದು ಕರೆಯಬಹುದು. ಅದು ಹೀಗಿದೆ: “ಸನ್‌ರೈಸ್ ನೋಡಕ್ಕೆ ಮುಳ್ಳಯ್ಯನಗಿರಿಗೆ ಹೋಗಿದ್ವಿ ಮೋಡಗಳು ಬಂತು ಸೂರ್ಯ ಬರ್ಲಿಲ್ಲ ಜಾಕೆಟ್ ಮರ್ತು ಚಳಿ ಹೊಡೀತು ನಾನಂತೂ ಐಸ್‌ಕ್ರೀಮ್ ಹಾಗಿದೀನಿ ಗುರೂಊಊಊ ಆಮೇಲೆ ಬಿಸಿ ಬಿಸಿ ಬಜ್ಜಿಯನ್ನು ತಿಂದು ಜೀವ ಬಂತು ಹೊಟ್ಟೆ ಫುಲ್ ಬ್ಯಾಟ್ರಿ ಕಾಲಿ 😂😂😂”. ಮೊದಲ ನೋಟಕ್ಕೆ ಕಾಣುವುದು ಇಡೀ ಪಾಠದಲ್ಲಿ ಒಂದೂ ವಿರಾಮಚಿಹ್ನೆ ಇಲ್ಲದಿರುವುದು. ಇದಕ್ಕೆ ಬಲವಾದ ಪರಂಪರೆಯಿದೆ, ಹಲ್ಮಿಡಿ ಶಾಸನದಲ್ಲೂ ಅಲ್ಪವಿರಾಮ ಸಿಗುವುದಿಲ್ಲ. ಆದರೆ ಹಲ್ಮಿಡಿಯನ್ನು ಓದಲು ವಿದ್ವಾಂಸರು ವರ್ಷಗಟ್ಟಲೆ ಕೂತರು. ಕ್ಯಾಪ್ಷನ್ನಿಗೆ ಹೆಬ್ಬೆರಳು ಕೊಡುವ ಕಾಲಾವಕಾಶ ಎರಡು ಉಸಿರಿನಷ್ಟು. ಆದ್ದರಿಂದ ಉಸಿರು ನಿಲ್ಲುವಲ್ಲಿ ಚುಕ್ಕೆ ಇಡುವುದು ಸಂಪಾದಕನ ಮೊದಲ ಕೆಲಸ. ಇದರಿಂದ ಬಾಯಿಗೆ ಏನೂ ನಷ್ಟವಿಲ್ಲ, ಬಾಯಿ ಆಗಲೇ ಅಲ್ಲಿ ನಿಂತಿತ್ತು. “ಮೋಡ ಬಂತು, ಸೂರ್ಯ ಬರ್ಲಿಲ್ಲ” ಎಂಬಲ್ಲಿ ನಗು ಹುಟ್ಟುವುದೇ ಆ ಅಲ್ಪವಿರಾಮದ ಅರೆಕ್ಷಣದಲ್ಲಿ.

ಇನ್ನು ಅಕ್ಷರದೋಷಗಳು. ‘ಕಾಲಿ’ ಎನ್ನುವುದು ‘ಖಾಲಿ’ಯಾಗಬೇಕು, ‘ಹಾಗಿದೀನಿ’ ಎನ್ನುವುದು ‘ಆಗಿದೀನಿ’ಯಾಗಬೇಕು. ಮಹಾಪ್ರಾಣವನ್ನು ಬಹಳ ಜನ ಮಾತಿನಲ್ಲಿ ಉಚ್ಚರಿಸುವುದಿಲ್ಲ. ಹಕಾರವನ್ನು ಕೆಲವು ಸೀಮೆಗಳಲ್ಲಿ ಇರುವಲ್ಲಿ ಬಿಟ್ಟು, ಆ ಸಾಲ ತೀರಿಸಲೆಂಬಂತೆ ಬರೆಯುವಾಗ ಇಲ್ಲದಲ್ಲಿ ಸೇರಿಸುತ್ತಾರೆ. ಹೀಗಾಗಿ ‘ಸೂಪರ್ ಹಾಗಿದೆ’ ಎಂಬುದು ಇಂದಿನ ಕನ್ನಡದ ಅತ್ಯಂತ ಜನಪ್ರಿಯ ಪಾಠಭೇದ. ಈ ಬಗೆಯ ತಪ್ಪು ಕಣ್ಣಿಗೆ ಮಾತ್ರ ಕಾಣುವಂಥದು. ತಿದ್ದಿದ ಮೇಲೂ ಬರೆದವರು ಅದನ್ನು ಮೊದಲಿನಂತೆಯೇ ಓದುತ್ತಾರೆ, ಆದ್ದರಿಂದ ಕಣ್ಣುಮುಚ್ಚಿ ತಿದ್ದಬಹುದು. ‘ಹಾಗಿದೀನಿ’ ಎಂಬುದರಲ್ಲಿ ಮಾತ್ರ ಇನ್ನೊಂದು ರೋಗ ಅಡಗಿದೆ. ಐಸ್‌ಕ್ರೀಮ್ ಆಗಿದೀನಿ ಎಂದವರು ಮುಂದಿನ ಉಸಿರಿನಲ್ಲೇ ‘ಆಮೇಲೆ’ ಬಜ್ಜಿ ತಿಂದು ಬದುಕಿಕೊಳ್ಳುತ್ತಾರೆ. ಬಜ್ಜಿಯ ನಂತರವೂ ಐಸ್‌ಕ್ರೀಮಾಗಿಯೇ ಉಳಿಯುವುದು ಕಾಲ ಕೆಟ್ಟ ಲಕ್ಷಣ. ಇಲ್ಲಿ ‘ಆಗಿದ್ದೆ’ ಎಂದಾಗಬೇಕು. ಅಕ್ಷರ ತಿದ್ದಿ ಮುಂದೆ ಹೋಗುವ ಅವಸರದ ಸಂಪಾದಕನಿಗೆ ಇದು ತಪ್ಪಿಹೋಗುತ್ತದೆ, ಏಕೆಂದರೆ ‘ಆಗಿದೀನಿ’ ಅಕ್ಷರದ ಮಟ್ಟಿಗೆ ನಿರ್ದೋಷಿ.

ಈಗ ವಿಷಯದ ಗರ್ಭಗುಡಿಗೆ ಬರಬೇಕು. ‘ಮೋಡಗಳು ಬಂತು’ ಎಂಬಲ್ಲಿ ಕರ್ತೃ ಬಹುವಚನ, ಕ್ರಿಯಾಪದ ಏಕವಚನ. ಶಾಲೆಯ ಕೆಂಪು ಶಾಯಿ ಇದನ್ನು ‘ಮೋಡಗಳು ಬಂದವು’ ಎಂದು ತಿದ್ದುತ್ತದೆ. ತಿದ್ದಿದ ಕೂಡಲೇ ಕ್ಯಾಪ್ಷನ್ ನಾಲ್ಕನೇ ತರಗತಿಯ ಪಾಠವಾಗುತ್ತದೆ, ಸೂರ್ಯ ಮಾತ್ರವಲ್ಲ ಹಾಸ್ಯವೂ ಮರೆಯಾಗುತ್ತದೆ. ಆದರೆ ಇದೇ ತಪ್ಪಿಗೆ ಎರಡನೆಯ ಪರಿಹಾರವೊಂದಿದೆ. ಕನ್ನಡಿಗರು ಮಾತಾಡುವಾಗ ಜೀವವಿಲ್ಲದ ವಸ್ತುಗಳಿಗೆ ‘ಗಳು’ ಹಚ್ಚುವುದೇ ಅಪರೂಪ. ನಾಲ್ಕು ಬಸ್ ಬಂತು, ಹತ್ತು ತೆಂಗಿನಕಾಯಿ ಬಿತ್ತು, ಮೋಡ ಬಂತು. ಕ್ರಿಯಾಪದವನ್ನು ಮುಟ್ಟದೆ ‘ಗಳು’ ತೆಗೆದರೆ ಕರ್ತೃ ಕ್ರಿಯೆ ಎರಡೂ ರಾಜಿಯಾಗುತ್ತವೆ, ಬಾಯಿಯೂ ಉಳಿಯುತ್ತದೆ. ‘ಬಜ್ಜಿಯನ್ನು ತಿಂದು’ ಎಂಬುದಕ್ಕೂ ಇದೇ ಚಿಕಿತ್ಸೆ. ವ್ಯಾಕರಣದ ಪ್ರಕಾರ ಅದರಲ್ಲಿ ತಪ್ಪೇ ಇಲ್ಲ. ದ್ವಿತೀಯಾ ವಿಭಕ್ತಿ ಸಮವಸ್ತ್ರ ತೊಟ್ಟು ಹಾಜರಿದೆ. ಹೋಗಿದ್ವಿ, ಬರ್ಲಿಲ್ಲ, ಹೊಡೀತು ಎಂಬ ಲುಂಗಿಧಾರಿಗಳ ನಡುವೆ ಅದು ನಿಂತಿರುವುದೇ ಸಮಸ್ಯೆ. ಆಡುಮಾತಿನಲ್ಲಿ ಬಜ್ಜಿ ತಿನ್ನುತ್ತಾರೆ, ಬಜ್ಜಿಯನ್ನು ತಿನ್ನುವವರು ಪಠ್ಯಪುಸ್ತಕದಲ್ಲಿರುತ್ತಾರೆ. ಹೋಗಿದ್ವಿ, ಬರ್ಲಿಲ್ಲ ಮುಂತಾದವು ದೋಷಗಳೆಂದು ಭಾವಿಸಿ ‘ಹೋಗಿದ್ದೆವು, ಬರಲಿಲ್ಲ’ ಎಂದು ಬಿಡಿಸುವವರು, ನಿಯಮಬದ್ಧವಾಗಿಯೇ ಸ್ವರಲೋಪ ಮಾಡಿಕೊಳ್ಳುವ ಒಂದು ಭಾಷಾರೂಪವನ್ನು ಅಶಿಸ್ತೆಂದು ತಪ್ಪು ತಿಳಿದಿದ್ದಾರೆ. ಕ್ಯಾಪ್ಷನ್ನಿನ ನಿಜವಾದ ದೋಷ ಆಡುಮಾತಲ್ಲ, ಎರಡು ಮಾತುಗಳ ಬೆರಕೆ.

‘ಜಾಕೆಟ್ ಮರ್ತು ಚಳಿ ಹೊಡೀತು’ ಇದಕ್ಕಿಂತ ಗಂಭೀರ ಪ್ರಕರಣ. ‘ಮರೆತು’ ಎಂಬುದು ಕೃದಂತಾವ್ಯಯ. ಅದರ ಕೆಲಸ ಮಾಡಿದವರೇ ಸಾಮಾನ್ಯವಾಗಿ ವಾಕ್ಯದ ಕೊನೆಯ ಕೆಲಸವನ್ನೂ ಮಾಡಬೇಕು. ಹೊಡೆದದ್ದು ಚಳಿ. ಅಂದಮೇಲೆ ಜಾಕೆಟ್ ಮರೆತದ್ದೂ ಚಳಿಯೇ ಎಂದು ವಾಕ್ಯ ಸಾಧಿಸುತ್ತಿದೆ. ಹಾಗಾದರೆ ‘ಬಜ್ಜಿ ತಿಂದು ಜೀವ ಬಂತು’ ಎಂಬಲ್ಲಿ ತಿಂದದ್ದು ಜೀವವೇ ಎಂದು ಯಾರಾದರೂ ಕೇಳಬಹುದು. ಅಲ್ಲಿ ‘ನನಗೆ’ ಎಂಬುದು ಹೇಳದೆಯೂ ಕೇಳಿಸುತ್ತದೆ, ತಿಂದವರಿಗೇ ಜೀವ ಬಂತು, ಬೇರೆಯವರಿಗೆ ಬರುವುದು ಸಾಧ್ಯವಿಲ್ಲ. ಕಿವಿ ಒಪ್ಪಿದೆ, ಹಾಗೇ ಬಿಡಬಹುದು. ಜಾಕೆಟ್ಟಿನ ವಾಕ್ಯದಲ್ಲಿ ಕಿವಿ ಎಡವುತ್ತದೆ. ಇಲ್ಲಿ ಸಂಪಾದಕನಿಗೆ ದೊಡ್ಡದೊಂದು ಪ್ರಲೋಭನೆ ಎದುರಾಗುತ್ತದೆ: “ಜಾಕೆಟ್ ನಾನು ಮರ್ತೆ, ಚಳಿ ನನ್ನ ಮರೀಲಿಲ್ಲ”. ಚೆನ್ನಾಗಿದೆ, ಚಪ್ಪಾಳೆ ಬೀಳುತ್ತದೆ, ಆದರೆ ಅದು ಸಂಪಾದಕನ ಜೋಕು. ಗ್ರಂಥಸಂಪಾದನೆಯಲ್ಲಿ ಇದನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಲಿಪಿಕಾರ ತನ್ನ ಜಾಣತನವನ್ನು ಕವಿಯ ಹೆಸರಿನಲ್ಲಿ ತುರುಕುವುದು. ‘ಜಾಕೆಟ್ ಮರ್ತಿದ್ದಕ್ಕೆ ಚಳಿ ಹೊಡೀತು’ ಎಂದರೆ ಮರೆತವರು ಯಾರೆಂಬ ಗೊಂದಲ ಹೋಯಿತು, ಅಷ್ಟು ಸಾಕು.

ಉಳಿದದ್ದು ‘ಗುರೂಊಊಊ’. ‘ರೂ’ಗೆ ಎರಡು ಮಾತ್ರೆ, ಬೆನ್ನಿಗೆ ಬಂದ ಮೂರು ಊಕಾರಗಳಿಗೆ ಆರು, ಒಟ್ಟು ಎಂಟು. ವ್ಯಾಕರಣ ಪ್ಲುತಕ್ಕೆ ಮಂಜೂರು ಮಾಡಿರುವುದು ಮೂರೇ ಮಾತ್ರೆ. ಹೆಚ್ಚುವರಿ ಐದು ಮಾತ್ರೆಗಳನ್ನು ಕತ್ತರಿಸಬೇಕೆಂದು ವಾದಿಸುವವರು ಪ್ಲುತ ಎಲ್ಲೆಲ್ಲಿ ಸಲ್ಲುತ್ತದೆಂಬುದನ್ನು ನೆನೆಯಬೇಕು: ದೂರದವರನ್ನು ಕೂಗುವಾಗ, ಹಾಡುವಾಗ, ಅಳುವಾಗ. ಬರೆದವರು ನಿಂತಿರುವುದು ರಾಜ್ಯದ ಅತಿ ಎತ್ತರದ ಶಿಖರದಲ್ಲಿ, 1,900 ಮೀಟರಿಗೂ ಮೇಲೆ. ಕೂಗುತ್ತಿರುವುದು ಬೆಂಗಳೂರಿನಲ್ಲಿ ಮಲಗಿರುವ ಗೆಳೆಯನನ್ನು. ಚಳಿಗೆ ಅಳುತ್ತಲೂ ಇದ್ದಾರೆ. ಮೂರರಲ್ಲಿ ಎರಡು ಕಾರಣ ಏಕಕಾಲಕ್ಕೆ ಸೇರಿರುವಾಗ ಎಂಟು ಮಾತ್ರೆ ಮಿತವ್ಯಯವೇ ಸರಿ. ಎಮೋಜಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅದು ಲಿಂಗ ವಚನ ವಿಭಕ್ತಿಗಳಿಗೆ ಬಗ್ಗದ ಶುದ್ಧ ಅವ್ಯಯ; ಮೂರಿದ್ದರೂ ಒಂದೇ ಅರ್ಥ, ಒಂದು ಸಾಕು.

ಈ ಸಿದ್ಧಾಂತಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದು ‘ಬಿಡೋ ಗುರು’ ಪಂಥದವರದು. ಅರ್ಥ ಆದರಾಯಿತು, ಕ್ಯಾಪ್ಷನ್ನಿಗೆ ಯಾರು ಅಂಕ ಕೊಡುತ್ತಾರೆ ಎನ್ನುತ್ತಾರೆ ಅವರು. ಅಂಕ ಕೊಡುವವರಿದ್ದಾರೆ; ‘ಅದು ಖಾಲಿ ಅಲ್ವಾ?’ ಎಂಬ ಒಂದು ಸಾಲು ಕೆಳಗೆ ಬಿದ್ದರೆ ಬಜ್ಜಿ, ಮೋಡ, ಚಳಿ ಎಲ್ಲ ಮರೆತು ಉಳಿದವರೆಲ್ಲ ಬ್ಯಾಟರಿಯ ಕಾಲು ಎಣಿಸತೊಡಗುತ್ತಾರೆ. ತಮಾಷೆ ಮಾಡಿದವರು ತಾವೇ ತಮಾಷೆಯಾಗುತ್ತಾರೆ. ಎರಡನೆಯದು ಶುದ್ಧಪಂಥದ ಆಕ್ಷೇಪ: ಹೊಟ್ಟೆಯ ಪಕ್ಕದಲ್ಲಿ ‘ಫುಲ್’ ಕೂರಿಸುವುದು ಅರಿಸಮಾಸವಲ್ಲವೇ? ಅರಿಸಮಾಸವನ್ನು ದೋಷವೆಂದ ಕೇಶಿರಾಜನೇ ಬಿರುದಾವಳಿಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟಿದ್ದಾನೆ. ತಮ್ಮನ್ನು ತಾವೇ ಹೊಗಳಿಕೊಳ್ಳುವ ಸಾಹಿತ್ಯವೆಲ್ಲ ಬಿರುದಾವಳಿಯೇ ಆದ್ದರಿಂದ ಇನ್‌ಸ್ಟಾಗ್ರಾಮ್ ಸಾರಾಸಗಟಾಗಿ ವಿನಾಯಿತಿಯ ವ್ಯಾಪ್ತಿಗೆ ಬರುತ್ತದೆ. ‘ಉದರ ಪೂರ್ಣ, ವಿದ್ಯುತ್ಕೋಶ ರಿಕ್ತ’ ಎಂದು ತಿದ್ದಿದರೆ ನಗು ಬರುವುದು ನಿಜ, ಆದರೆ ಅದು ಬರೆದವರು ಬಯಸಿದ ನಗುವಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ತೂಕದ್ದು, ಇದಕ್ಕೆ ಸಿದ್ಧಾಂತ ಸ್ವಲ್ಪ ಬಾಗಲೇಬೇಕು. ಬಾಯಿ ಉಳಿಸಿ ಎನ್ನುತ್ತೀರಿ, ಯಾರ ಬಾಯಿ? ‘ಹೋಗಿದ್ವಿ ಗುರು’ ಎನ್ನುವುದು ಬೆಂಗಳೂರು ಮೈಸೂರು ಕಡೆಯ ಬಾಯಿ. ಹುಬ್ಬಳ್ಳಿಯವರ ಕ್ಯಾಪ್ಷನ್ನಿನಲ್ಲಿ ‘ಭಾರಿ ಮಸ್ತ್ ಐತ್ಲೇ’ ಎಂದಿದ್ದರೆ, ಮಂಗಳೂರಿನವರದರಲ್ಲಿ ‘ಎಂತ ಚಳಿ ಉಂಟು ಮಾರಾಯ’ ಎಂದಿದ್ದರೆ, ಬೆಂಗಳೂರಿನ ಸ್ನೇಹಿತ ಅದನ್ನು ಒಳ್ಳೆಯ ಮನಸ್ಸಿನಿಂದಲೇ ‘ಸಖತ್ತಾಗಿದೆ ಗುರು’ ಮಾಡಿಬಿಡುತ್ತಾನೆ. ಸೀಮೆ ಸೀಮೆಗೂ ಬೇರೆಯಾಗುವ ಕನ್ನಡಗಳ ದೋಷ ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದು ಕವಿರಾಜಮಾರ್ಗ ಎಚ್ಚರಿಸಿತ್ತು. ಒಂದೇ ನಾಲಗೆಯ ಗೆಳೆಯ ಆ ಕೆಲಸಕ್ಕೆ ಕೈಹಾಕುವುದು ಧಾರ್ಷ್ಟ್ಯ. ಆದ್ದರಿಂದ ನಿಯಮಕ್ಕೊಂದು ಉಪನಿಯಮ: ತಿದ್ದುವವರು ಬರೆದವರ ಸೀಮೆಯ ಮಾತು ಬಲ್ಲವರಾಗಿರಬೇಕು, ಅಲ್ಲದಿದ್ದರೆ ಅಕ್ಷರದೋಷ ಮತ್ತು ಚುಕ್ಕೆಗಳಷ್ಟನ್ನು ನೋಡಿ, ಕ್ರಿಯಾಪದಗಳಿಂದ ದೂರವಿರಬೇಕು. ತಿದ್ದಿದ್ದನ್ನು ಬರೆದವರೇ ಒಮ್ಮೆ ಗಟ್ಟಿಯಾಗಿ ಓದಲಿ. ಎಲ್ಲಿ ಅವರ ನಾಲಗೆ ತಡವರಿಸುತ್ತದೋ ಅಲ್ಲಿ ತಿದ್ದಿದವರು ತಪ್ಪಿದ್ದಾರೆ.

ಇಷ್ಟೆಲ್ಲ ಮಂಥನದ ನಂತರ ಸಿದ್ಧವಾದ ಪರಿಷ್ಕೃತ ಪಾಠ ಇದು: “ಸನ್‌ರೈಸ್ ನೋಡಕ್ಕೆ ಮುಳ್ಳಯ್ಯನಗಿರಿಗೆ ಹೋಗಿದ್ವಿ. ಮೋಡ ಬಂತು, ಸೂರ್ಯ ಬರ್ಲಿಲ್ಲ. ಜಾಕೆಟ್ ಮರ್ತಿದ್ದಕ್ಕೆ ಚಳಿ ಹೊಡೀತು, ನಾನಂತೂ ಐಸ್‌ಕ್ರೀಮ್ ಆಗಿದ್ದೆ ಗುರೂಊಊಊ! ಆಮೇಲೆ ಬಿಸಿ ಬಿಸಿ ಬಜ್ಜಿ ತಿಂದು ಜೀವ ಬಂತು. ಹೊಟ್ಟೆ ಫುಲ್, ಬ್ಯಾಟ್ರಿ ಖಾಲಿ 😂”. ಮೂಲದ ಜೊತೆ ಇಟ್ಟು ನೋಡಿದರೆ ಬದಲಾದ ಪದಗಳು ಐದೇ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಮೇಲೂ ಕ್ಯಾಪ್ಷನ್ ತಿದ್ದಲು ಅವಕಾಶವಿದೆ, ಹಾಕಿದ ಫೋಟೋಗೆ ಸೂರ್ಯನನ್ನು ತರಲು ಇಲ್ಲ. ಆದ್ದರಿಂದ ಬ್ಯಾಟರಿಯನ್ನು ‘ಕಾಲಿ’ ಮಾಡಿಟ್ಟವರು ದಯವಿಟ್ಟು ಇವತ್ತೇ ಹೋಗಿ ಅದನ್ನು ಖಾಲಿ ಮಾಡಿ ಬನ್ನಿ.