ಇಳಿಜಾರು ನುಂಗಿದ ಹನ್ನೊಂದು ಅಡಿ

ಆಲೂರು ಕಡೆಯ ಗುಡ್ಡಗಳಲ್ಲಿ ಆನೆ ಬಂದರೆ ಊರು ಒಂದಾಗುತ್ತದೆ, ಸರ್ವೇಯರ್ ಬಂದರೆ ಎರಡಾಗುತ್ತದೆ. ಸರ್ವೇಯರ್ ಬಂದೂ ಊರು ಒಂದಾದ ಅಪರೂಪದ ಕಥೆ ಇದು.

ಗುಡ್ಡದ ಮೇಲೊಬ್ಬ ಗೌಡರು, ಅವರ ಹೊಲದ ಕೆಳಗೆ ಇನ್ನೊಬ್ಬ ಗೌಡರು. ನಡುವೆ ಒಂದು ಬಾಂದು ಕಲ್ಲು. ಕೆಳಗಿನವರು ರಾತ್ರೋರಾತ್ರಿ ಕಲ್ಲನ್ನು ಮೇಲಕ್ಕೆ ಸರಿಸಿ ಜಮೀನು ಕದ್ದರು ಎಂಬುದು ಮೇಲಿನವರ ಬಹುಕಾಲದ ದೂರು. ಕಳ್ಳ ಎಂಬ ಮಾತು ಮಕ್ಕಳ ಮದುವೆ, ಅಪ್ಪಂದಿರ ತಿಥಿ ಎಲ್ಲವನ್ನೂ ದಾಟಿಕೊಂಡು ಬಂದಿತ್ತು. ಕೊನೆಗೆ ಹದ್ದುಬಸ್ತಿಗೆ ಅರ್ಜಿ ಬಿತ್ತು. ಟೋಟಲ್ ಸ್ಟೇಷನ್ ಹೊತ್ತು ಇನ್ನೂ ಮೂವತ್ತು ದಾಟದ ಹುಡುಗಿಯೊಬ್ಬಳು ಬಂದಳು. ‘ಈ ಮಗು ಏನು ಅಳೀತದೆ?’ ಎಂಬ ಒಂದೇ ವಿಷಯದಲ್ಲಿ ಇಬ್ಬರು ಗೌಡರಿಗೂ ಒಮ್ಮತವಿತ್ತು.

ಅವಳು ಮೊದಲು ಹರಡಿದ್ದು ಟಿಪ್ಪಣಿಯ ನಕಲನ್ನು. ಹಳೆಯ ಸರ್ವೆಯ ಸರಪಳಿ 33 ಅಡಿ. ಅದಕ್ಕೆ 16 ಆಣೆ. ಒಂದು ಸರಪಳಿ ಚೌಕವೇ ಒಂದು ಗುಂಟೆ. ಗುಡ್ಡದ ನೆತ್ತಿಯಲ್ಲಿ ಮೂರು ಗಡಿ ಸೇರುವ ಕಲ್ಲಿನಿಂದ ಜಗಳದ ಕಲ್ಲಿಗೆ ಹತ್ತು ಸರಪಳಿ, ಅಂದರೆ 330 ಅಡಿ ಎಂದು ಟಿಪ್ಪಣಿಯಲ್ಲಿತ್ತು.

ನೆತ್ತಿಯ ಕಲ್ಲಿನ ಮೇಲೆ ಯಂತ್ರ ನಿಲ್ಲಿಸಿ, ಕೆಳಗಿನ ಕಲ್ಲಿನ ಮೇಲೆ ಪ್ರಿಸಂ ಕೋಲು ಹಿಡಿಸಿ ನೋಡಿದಳು. ಪರದೆಯ ಮೇಲೆ ಎರಡು ಅಂಕಿ ಬಂದವು: SD 100.58, HD 97.15. ಮೊದಲನೆಯದು ಇಳಿಜಾರಿನ ಗುಂಟ ಇರುವ ದೂರ, ಎರಡನೆಯದು ಸಮತಟ್ಟಿನ ದೂರ, ಎರಡೂ ಮೀಟರಿನಲ್ಲಿ. 330 ಅಡಿ ಎಂದರೆ ಸರಿಯಾಗಿ 100.58 ಮೀಟರ್! ಜಾಣೆ ಮೊದಲು ಅನುಮಾನಿಸಿದ್ದು ಗೌಡರನ್ನಲ್ಲ, ಯಂತ್ರವನ್ನು. ಮತ್ತೆ ಮಟ್ಟ ನೋಡಿದಳು, ಕೆಳಗಿನ ಕಲ್ಲಿನಿಂದ ತಿರುಗಿ ಅಳೆದಳು. ಅದೇ ಅಂಕಿ. ಪಕ್ಕದ ಸರ್ವೆ ನಂಬರಿನಲ್ಲಿ ಟಿಪ್ಪಣಿ ಪ್ರಕಾರ ಅಷ್ಟೇ ದೂರದ, ಯಾರೂ ಮುಟ್ಟದೆ ಪಾಚಿಗಟ್ಟಿದ ಹಳೇ ಕಲ್ಲೊಂದಿತ್ತು. ಅಲ್ಲಿ HDಯೇ ನೂರೂವರೆ ಮೀಟರಿನ ಹತ್ತಿರ ಬಂತು. ಹಳೆಯ ಕಲ್ಲು ಟಿಪ್ಪಣಿಗೆ ನಿಷ್ಠವಾಗಿತ್ತು. ಜಗಳದ ಕಲ್ಲು ಇಳಿಜಾರಿಗೆ.

‘ಗೌಡ್ರೇ, ಈ ಕಲ್ಲು ಯಾರು ನೆಟ್ಟಿದ್ದು?’

‘ಹಳೇದು ಮಳೇಲಿ ಉರುಳೋಗಿತ್ತು ಕಣವ್ವಾ. ನಾನೇ ಕೈಯಾರೆ ಟೇಪು ಹಿಡಿದು ನೆಡಿಸಿದ್ದು. ಬಿಗಿಯಾಗಿ ಎಳ್ದಿದ್ದೆ, ಒಂದಿಂಚು ಆಚೀಚೆ ಇಲ್ಲ,’ ಎಂದರು ಮೇಲಿನ ಗೌಡರು, ಹೆಮ್ಮೆಯಿಂದ.

ಟೇಪು ಬಿಗಿಯಾಗೇ ಇತ್ತು. ಆದರೆ ನೆಲಕ್ಕೆ ಅಂಟಿಕೊಂಡು ಗುಡ್ಡ ಇಳಿದಿತ್ತು. ಗೋಡೆಗೆ ಒರಗಿಸಿದ ಏಣಿಯ ಉದ್ದವೇ ಬೇರೆ, ಗೋಡೆಯಿಂದ ಏಣಿಯ ಬುಡಕ್ಕಿರುವ ದೂರವೇ ಬೇರೆ. ನಕ್ಷೆಗೆ ಬೇಕಾದ್ದು ಬುಡದ ದೂರ. ಅದಕ್ಕೇ ಹಿಂದಿನವರು ಗುಡ್ಡದಲ್ಲಿ ಸರಪಳಿಯನ್ನು ತುಂಡು ತುಂಡಾಗಿ, ಮಟ್ಟವಾಗಿ ಎತ್ತಿ ಹಿಡಿದು ಮೆಟ್ಟಿಲಿಳಿದಂತೆ ಅಳೆಯುತ್ತಿದ್ದರು. ಇಲ್ಲಿನ ಇಳಿಜಾರು 15 ಡಿಗ್ರಿ. ಅದು ನುಂಗಿದ್ದು 3.43 ಮೀಟರ್, ಹನ್ನೊಂದು ಅಡಿಗೂ ಮಿಕ್ಕಿ. ಟಿಪ್ಪಣಿಯ ಒಂದು ಆಣೆಯೇ ಎರಡಡಿ. ಅಷ್ಟರ ವ್ಯತ್ಯಾಸವಾಗಿದ್ದರೆ ಹಳೆಯ ಅಳತೆಯ ಒರಟುತನ ಎಂದು ಬಿಡಬಹುದಿತ್ತು. ಇದು ಐದಾಣೆ ದಾಟಿತ್ತು. ಗಡಿಯೂ 330 ಅಡಿ ಉದ್ದವಿದ್ದು, ಉದ್ದಕ್ಕೂ ಅಷ್ಟೇ ಮೇಲಕ್ಕೆ ಸರಿದಿದ್ದರಿಂದ ಮೂರು ಗುಂಟೆಗೂ ಮೇಲ್ಪಟ್ಟು ಜಾಗ ಕೆಳಗಿನವರ ಪಾಲಾಗಿತ್ತು. ಕದ್ದವರು ಯಾರೂ ಇಲ್ಲ. ಯಜಮಾನರೇ ನಿಂತು ದಾನ ಮಾಡಿದ್ದರು.

ಮೇಲಿನ ಗೌಡರು ಗೆದ್ದರಲ್ಲ, ಕುಣಿಯಬೇಕಿತ್ತು. ಆದರೆ ಮಹಜರು ಬರೆಯಲು ಕೂತಾಗ ಅವರಿಗೆ ಅರ್ಥವಾಯಿತು: ಮೂರು ಗುಂಟೆ ವಾಪಸು ಬೇಕಾದರೆ ‘ಕಲ್ಲನ್ನು ತಪ್ಪಾಗಿ ನೆಟ್ಟವನು ನಾನೇ’ ಎಂಬುದಕ್ಕೆ ಸಹಿ ಹಾಕಬೇಕು. ಇಷ್ಟು ವರ್ಷ ಪಕ್ಕದವನು ಕಳ್ಳನಾಗಿದ್ದ. ನಾಳೆಯಿಂದ ತಾನು ಪೆದ್ದ. ಕೆಳಗಿನ ಗೌಡರಿಗೋ ಬೇರೆ ಚಿಂತೆ. ಈ ಕಲ್ಲನ್ನೇ ನಂಬಿ, ಇದೇ ಟೇಪಿನಲ್ಲಿ ಅವರೂ ತಮ್ಮ ಕೆಳಗಿನ ಕಲ್ಲು ನೆಟ್ಟಿದ್ದರು, ಅವರ ಕೆಳಗಿನವರೂ ಹಾಗೆಯೇ. ಒಂದು ಕಲ್ಲು ಅಲುಗಿದರೆ ಹಳ್ಳದವರೆಗೂ ಅಳತೆ.

ಇಬ್ಬರೂ ಬಹಳ ವರ್ಷಗಳ ನಂತರ ಮುಖ ಮುಖ ನೋಡಿಕೊಂಡರು.

‘ಮಿಷನ್ನೇ ಕೆಟ್ಟಿರಬೇಕು,’ ಎಂದರು ಒಬ್ಬರು.

‘ಬ್ಯಾಟರಿ ಇಳಿದಿರಬೇಕು,’ ಎಂದರು ಇನ್ನೊಬ್ಬರು.

ಸುತ್ತ ನಿಂತ ಊರು ತಲೆಯಾಡಿಸಿತು. ಸಹಿ ಬೀಳಲಿಲ್ಲ. ಹುಡುಗಿ ಕಂಡದ್ದನ್ನು ಕಂಡಂತೆ ನಕ್ಷೆಯಲ್ಲಿ ಬರೆದು, ಮುಕ್ಕಾಲಿ ಮಡಚಿ ಬಸ್ಸು ಹತ್ತಿದಳು. ಕಲ್ಲು ಇದ್ದಲ್ಲೇ ಇದೆ. ಮಾರನೇ ದಿನದಿಂದ ಕೆಳಗಿನವರು ಯಥಾಪ್ರಕಾರ ಕಳ್ಳರಾಗಿದ್ದಾರೆ.

ಗುಡ್ಡದ ನಾಡಿನ ಓದುಗರಲ್ಲಿ ಒಂದು ವಿನಂತಿ: ಟೇಪು ಹಿಡಿಯುವಾಗ ಕೆಳಗಿನ ತುದಿಯನ್ನು ಮಟ್ಟಕ್ಕೆ ಬರುವಷ್ಟು ಎತ್ತಿ ಹಿಡಿಯಿರಿ. ಹನ್ನೊಂದು ಅಡಿ ಜಮೀನು ಉಳಿಯುತ್ತದೆ. ಜಗಳಕ್ಕೆ ಬೇರೆ ಕಾರಣ ಹುಡುಕಿಕೊಂಡರಾಯಿತು.