ಲ್ಯಾಪ್‌ಟಾಪ್ ಹಿಡಿದ ಸಿಗ್ನಲ್ ರಾಯರು

ಬಡಾವಣೆಗೊಬ್ಬ ಸಿಗ್ನಲ್ ರಾಯರು ಇದ್ದೇ ಇರುತ್ತಾರೆ. ಭಾನುವಾರ ಬೆಳಿಗ್ಗೆ ಊರೆಲ್ಲ ದೋಸೆಯ ಹಿಂದೆ ಬಿದ್ದಿದ್ದರೆ, ಇವರು ತೆರೆದ ಲ್ಯಾಪ್‌ಟಾಪನ್ನು ಎದೆಯಿಂದ ಮೊಳ ದೂರ ಹಿಡಿದು ಸ್ವಂತ ಮನೆಯೊಳಗೇ ವೈಫೈ ಸರ್ವೆಗೆ ಹೊರಡುತ್ತಾರೆ. ಎರಡು ಹೆಜ್ಜೆ ನಡೆದು ನಿಲ್ಲುತ್ತಾರೆ, ನಿಂತ ಜಾಗವನ್ನು ಪರದೆಯ ಮೇಲಿನ ಮನೆ ನಕ್ಷೆಯಲ್ಲಿ ಕ್ಲಿಕ್ ಮಾಡುತ್ತಾರೆ, ಸಾಫ್ಟ್‌ವೇರ್ ಒಂದೊಂದೇ ಚಾನೆಲ್ ಆಲಿಸಿ ಮುಗಿಸುವ ತನಕ ಕಂಬದಂತೆ ನಿಂತಿರುತ್ತಾರೆ. "ಏನಪ್ಪಾ, ವಾಸ್ತು ನೋಡ್ತಿದ್ದೀಯಾ?" ಎಂದು ಅಜ್ಜಿ ಕೇಳಿದರೆ, "ಸ್ವಲ್ಪ ಅಲ್ಲಾಡದೆ ಕೂತ್ಕೋ ಅಜ್ಜಿ" ಎನ್ನುತ್ತಾರೆ. ಜನ ನಗುವುದು ರಾಯರು ಇಷ್ಟೊಂದು ನಡೆಯುತ್ತಾರಲ್ಲ ಎಂದು. ನನ್ನ ತಕರಾರೇ ಬೇರೆ: ಅವರು ನಡೆಯುವುದು ಸಾಲದು.

ನಡಿಗೆಗೆ ಕಾರಣವಿಲ್ಲದಿಲ್ಲ. 30×40 ಸೈಟಿನ ಒಂದು ಮನೆಯನ್ನೇ ಊಹಿಸಿಕೊಳ್ಳಿ. ಫೈಬರ್ ತಂತಿ ಮುಂಬಾಗಿಲ ಪಕ್ಕದಿಂದ ಒಳಬಂದಿದೆ. ತಂತಿ ಹಾಕಲು ಬಂದವನು ಹತ್ತಿರದ ಪ್ಲಗ್ ನೋಡಿ ರೌಟರನ್ನು ಟಿವಿಯ ಹಿಂದೆ ಕೂರಿಸಿ ಹೋಗಿದ್ದಾನೆ. ಮಗಳು ಆಫೀಸಿನ ವಿಡಿಯೊ ಕರೆಗೆ ಕೂರುವುದು ಹಿಂದಿನ ಕೋಣೆಯಲ್ಲಿ. ರಾಯರು ನಕ್ಷೆಯನ್ನು ಸಾಫ್ಟ್‌ವೇರಿಗೆ ಹಾಕಿ, ಟೇಪಿನಲ್ಲಿ ಅಳೆದ ಹಾಲ್‌ನ ಗೋಡೆಯ ಮೇಲೆ ಗೆರೆ ಎಳೆದು ಅದರ ಉದ್ದ ನಮೂದಿಸುತ್ತಾರೆ. ಇದು ತಪ್ಪಿದರೆ ಮುಂದಿನ ಅಳತೆಯೆಲ್ಲ ತಪ್ಪಿದಂತೆ. ಆಮೇಲೆ 5 ಗಿಗಾಹರ್ಟ್ಸ್ ಸಿಗ್ನಲ್ಲಿನ ಲೆಕ್ಕ ಶುರು. ಹಾಲ್‌ನಲ್ಲಿ ಮೈನಸ್ 42 ಡಿಬಿಎಂ, ಊಟದ ಕೋಣೆಯಲ್ಲಿ ಮೈನಸ್ 58, ಹಿಂದಿನ ಕೋಣೆಯಲ್ಲಿ ಮೈನಸ್ 76. ವಿಡಿಯೊ ಕರೆ ತಡವರಿಸದಿರಲು ಮೈನಸ್ 67ರ ಆಸುಪಾಸು ಇರಲಿ ಎಂಬುದು ಈ ಕಸುಬಿನವರ ವಾಡಿಕೆ. 3 ಅಂಕ ಇಳಿದಾಗಲೆಲ್ಲ ಶಕ್ತಿ ಅರ್ಧವಾಗುತ್ತದೆ. 9 ಅಂಕದ ಕೊರತೆಯೆಂದರೆ ಬೇಕಾದದ್ದರ ಎಂಟನೇ ಒಂದು ಪಾಲು ಮಾತ್ರ ಕೈಗೆ ಬಂದಂತೆ. ನಡುವೆ ಎರಡು ಇಟ್ಟಿಗೆ ಗೋಡೆ, ಅವುಗಳಿಗೆ ಒರಗಿದ ಕಬ್ಬಿಣದ ಬೀರು. ಇದನ್ನು ಸೋಫಾದಲ್ಲಿ ಕೂತು ಕಂಡುಹಿಡಿಯಲಾಗದು.

ಆದರೆ ರಾಯರ ಸರ್ವೆ ಸರಾಗವಾಗಿ ಕಾಲಿಡಬಹುದಾದ ಕಡೆ ಮಾತ್ರ. ಹಾಲ್, ಪ್ಯಾಸೇಜ್, ಮತ್ತೆ ಹಾಲ್. ಮಂಚದ ಆಚೆ ಬದಿ, ಬೀರುವಿನ ಪಕ್ಕ, ಮಗಳ ಮೇಜಿನ ಮೂಲೆ ಬಿಟ್ಟುಹೋಗುತ್ತವೆ. ಸಾಫ್ಟ್‌ವೇರ್ ಪಾಪ, ಬಿಟ್ಟ ಜಾಗಕ್ಕೂ ಅಕ್ಕಪಕ್ಕದ ಬಿಂದುಗಳಿಂದ ಅಂದಾಜು ಮಾಡಿ ಹಸಿರು ಬಳಿದುಬಿಡುತ್ತದೆ. ನಕ್ಷೆಯ ಕಪ್ಪು ಗೆರೆ ಗೋಡೆ ಎಂಬುದೇ ಬಹಳಷ್ಟು ಸಲ ಅದಕ್ಕೆ ತಿಳಿಯದು. ರಾಯರು ಆ ಹಸಿರನ್ನು ಕಂಡು ಹಿಗ್ಗುತ್ತಾರೆ, ಮಗಳ ಕರೆ ಮಾತ್ರ ಕಡಿಯುತ್ತಲೇ ಇರುತ್ತದೆ. ಅಂದಾಜಿನ ವ್ಯಾಪ್ತಿಯನ್ನು ಎರಡು ಮೀಟರಿಗೆ ಇಳಿಸಿದರೆ ಗುಟ್ಟು ರಟ್ಟಾಗುತ್ತದೆ: ಅರ್ಧ ಮನೆ ಬಣ್ಣವಿಲ್ಲದೆ ಉಳಿಯುತ್ತದೆ. ಜೊತೆಗೆ ಸರ್ವೆಯ ದಿನ ಬಾಗಿಲುಗಳೆಲ್ಲ ತೆರೆದಿರುತ್ತವೆ, ಕರೆಯ ಹೊತ್ತಿಗೆ ಮುಚ್ಚಿರುತ್ತವೆ. ರೌಟರಿಗೆ ಬೆನ್ನು ಮಾಡಿ ನಿಂತರೆ ರಾಯರ ಸ್ವಂತ ದೇಹವೇ ಸಿಗ್ನಲ್ಲಿಗೆ ಅಡ್ಡ. ಬಾಗಿಲು ಮುಚ್ಚಿ, ಒಂದೇ ಜಾಗದಲ್ಲಿ ನಿಂತು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿ ನೋಡಿದರೆ ಅಂಕ ಏರಿಳಿಯುವುದು ಅವರ ಕಣ್ಣಿಗೇ ಬೀಳುತ್ತದೆ.

ಇಷ್ಟೆಲ್ಲ ಯಾಕೆ, ರೌಟರನ್ನು ಮನೆಯ ನಟ್ಟನಡುವೆ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ನಕ್ಷೆಯ ನಡುವೆ ಇರುವುದು ಮೆಟ್ಟಿಲಿನ ಕಾಂಕ್ರೀಟು, ಇಲ್ಲವೇ ದೇವರಮನೆ. ಅಳತೆಯ ಮಧ್ಯವೂ ಅಲೆಯ ಮಧ್ಯವೂ ಒಂದೇ ಅಲ್ಲ. ಮೆಶ್ ತಂದು ಸಿಗ್ನಲ್ ಸತ್ತ ಕೋಣೆಯಲ್ಲೇ ಇನ್ನೊಂದು ಡಬ್ಬಿ ಇಡಿ ಎಂಬುದು ಅಂಗಡಿಯವರ ವಾದ. ತಂತಿ ಇಲ್ಲದ ಆ ಡಬ್ಬಿಗೂ ಬರುವುದು ಅದೇ ಮೈನಸ್ 76. ಫೋನಿನಲ್ಲಿ ಗೆರೆಗಳು ತುಂಬಿರುತ್ತವೆ, ಕರೆ ಕಡಿಯುತ್ತಲೇ ಇರುತ್ತದೆ. ಡಬ್ಬಿಯ ಜಾಗ ಸಿಗ್ನಲ್ ಇನ್ನೂ ಚೆನ್ನಾಗಿರುವ ಊಟದ ಕೋಣೆ. ಅಲ್ಲಿಗೆ ಒಂದು ಈಥರ್ನೆಟ್ ಕೇಬಲ್ ಎಳೆದರೆ ಇನ್ನೂ ಮೇಲು. ಲ್ಯಾಪ್‌ಟಾಪಿನ ನಕ್ಷೆ ಅರ್ಧ ಸತ್ಯ ಎಂಬ ಮೂರನೇ ಆಕ್ಷೇಪಣೆ ಮಾತ್ರ ನಿಜ. ಡಬ್ಬಿಯ ಮಾತು ಇಲ್ಲಿಗೆ ಹೇಗೆ ಕೇಳುತ್ತದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ, ಫೋನಿನ ಕ್ಷೀಣ ದನಿ ಅಲ್ಲಿಗೆ ತಲುಪುತ್ತದೆಯೇ ಎಂಬುದನ್ನಲ್ಲ. ಹಾಗಾಗಿ ಡಬ್ಬಿಯ ಶಕ್ತಿಯನ್ನು ಪೂರ್ತಿ ಏರಿಸಿ ನಕ್ಷೆಯನ್ನು ಹಸಿರು ಮಾಡುವುದು ತನಗೆ ತಾನೇ ಟೋಪಿ ಹಾಕಿಕೊಂಡಂತೆ.

ಆದ್ದರಿಂದ ರಾಯರಲ್ಲಿ ಒಂದೇ ವಿನಂತಿ. ಎಲೆಕ್ಟ್ರಿಷಿಯನ್ ಬಂದು ಸೀಲಿಂಗಿಗೆ ತೂತು ಕೊರೆಯುವ ಮೊದಲು ಹೊಸ ಆಕ್ಸೆಸ್ ಪಾಯಿಂಟನ್ನು ಊಟದ ಕೋಣೆಯಲ್ಲಿ ಎತ್ತರದ ಸ್ಟೂಲಿನ ಮೇಲಿಡಿ, ಕೋಣೆಯ ಬಾಗಿಲು ಮುಚ್ಚಿ, ಮಗಳ ಮೇಜಿನ ಮೂಲೆಯ ತನಕ ಮತ್ತೊಮ್ಮೆ ನಡೆಯಿರಿ. ಅಲ್ಲಿ ಮೈನಸ್ 67 ಬಂದರೆ ಕೊರೆಯಿರಿ. ಬರದಿದ್ದರೆ ಸ್ಟೂಲನ್ನು ಸರಿಸಿ.